ಭಾನುವಾರಕ್ಕೆ ನಾಲ್ಕು ಸಾಲು

ಗೊಬ್ಬರದ ಅಂಗಡಿಯವರು ಪ್ರತಿ ಜನವರಿಯಲ್ಲಿ ಕೊಡುವ ಪಾಕೆಟ್ ಡೈರಿಯಲ್ಲಿ ಭಾನುವಾರಕ್ಕೆ ಅರ್ಧ ಜಾಗ. ಶನಿವಾರದ ಕಾಲಡಿಯಲ್ಲಿ ಮುದುಡಿ ಕೂತಿರುತ್ತದೆ. ಆಫೀಸಿನವರಿಗೆ ಅದು ಸರಿ. ಮೂಡಿಗೆರೆ ಕಡೆ ಆರು ಎಕರೆ ಕಾಫಿ ಇಟ್ಟುಕೊಂಡ ನನಗೆ? ನಮ್ಮಲ್ಲಿ ಸಂತೆ ಭಾನುವಾರ, ಬಟವಾಡೆಯೂ ಅವತ್ತೇ. ವಾರದ ಬರವಣಿಗೆ ಜಾಸ್ತಿ ಇರುವುದೇ ಅವತ್ತು.

ಗೆರೆಗಳ ಕಥೆ ಇನ್ನೊಂದು. ನಡುವೆ 5 ಮಿಲಿಮೀಟರ್ ಅಷ್ಟೇ. ಇಂಗ್ಲಿಷಿಗೆ ಸಾಕಾಗಬಹುದು. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. 'ಚಿಕ್ಕಪ್ಪನಿಗೆ ಫೋನ್' ಎಂದು ಬರೆದರೆ ಚಿಕ್ಕಪ್ಪನ ಎರಡೂ ಒತ್ತು ಕೆಳಗಿನ ಸಾಲಿನ ಮೆಣಸಿನ ಲೆಕ್ಕದ ತಲೆಯ ಮೇಲೆ ಕೂರುತ್ತಿದ್ದವು.

ಕೊನೆಗೆ ನಾನೇ ಸ್ಕೇಲ್ ಹಿಡಿದೆ. ಜೇಬಿಗೆ ಹೋಗುವ ಎ6 ಅಳತೆ, 148 ಮಿಲಿಮೀಟರ್ ಎತ್ತರ. ಮೇಲೆ ಕೆಳಗೆ ಸ್ವಲ್ಪ ಬಿಟ್ಟು 7 ಮಿಲಿಮೀಟರಿಗೊಂದು ಗೆರೆ ಎಳೆದರೆ 19 ಸಾಲು ಸಿಕ್ಕಿತು. ತಿಂಗಳ ಹೆಸರಿಗೆ ಒಂದು, ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ ಎರಡು, ಭಾನುವಾರಕ್ಕೆ ನಾಲ್ಕು! ಉಳಿದ ಎರಡು ಸಾಲು ಮುಂದಿನ ವಾರಕ್ಕೆ ದಾಟಿಸುವ ಕೆಲಸಗಳಿಗೆ. ದಿನದ ಮೊದಲ ಸಾಲಿನಲ್ಲಿ ಬೆಳಿಗ್ಗೆ ಎಂಟೂವರೆಗೆ ಅಳೆದ ಮಳೆ, ಇಂಚು ಸೆಂಟ್ಸಿನಲ್ಲಿ. ಎದುರು ಪುಟ ಪೂರ್ತಿ ಟಿಪ್ಪಣಿಗೆ.

ಒಂದು ವಾರಕ್ಕೆ ಎದುರುಬದುರು ಎರಡು ಪುಟ. 53 ವಾರಕ್ಕೆ 106. ಮಡಚಿ ಪಿನ್ ಹೊಡೆಯುವ ಪುಸ್ತಕದಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು. ಮೊದಲ ಪುಟ ಹೆಸರಿಗೆ, ಕೊನೆಯದು ಫೋನ್ ನಂಬರುಗಳಿಗೆ ಸೇರಿಸಿದರೆ 108. ಜಪಮಾಲೆಯಷ್ಟೇ ಸರಿಯಾಗಿ ಬಂತಲ್ಲ ಎಂದು ಬೀಗಿದೆ.

ತಾರೀಕಿನ ಕಾಲಂ ಎಡಪುಟದ ಹೊರ ಅಂಚಿಗೇ ತಾಗಿಸಿ ಇಟ್ಟಿದ್ದೆ, ಪುಟ ತಿರುವುತ್ತಲೇ ಕಾಣಲಿ ಅಂತ. ಚಿಕ್ಕಮಗಳೂರಿನ ಪ್ರೆಸ್ಸಿನವರು "ಇಷ್ಟು ಅಂಚಿಗೆ ಬೇಡ ಸಾರ್" ಅಂದರು. ನಾನು ಕೇಳಲಿಲ್ಲ. 27 ಹಾಳೆ ಒಂದರೊಳಗೊಂದು ಮಡಚಿದಾಗ ಒಳಗಿನವು ಹೊರಗಿನವನ್ನು ದಾಟಿ ಎರಡು ಮಿಲಿಮೀಟರಿಗೂ ಜಾಸ್ತಿ ಮುಂದೆ ಚಾಚಿಕೊಳ್ಳುತ್ತವೆ. ಅಂಚು ಸಮ ಮಾಡಲು ಕತ್ತರಿಸುವಾಗ ಪೆಟ್ಟು ಬೀಳುವುದು ಅವಕ್ಕೇ. ಜನವರಿ, ಡಿಸೆಂಬರ್ ಹಾಳೆಗಳು ಹೊರಗಿದ್ದು ಬಚಾವಾದವು. ವರ್ಷದ ನಡುವೆ ಇರುವುದು ಜೂನ್, ಜುಲೈ. ಮಳೆ ಬರೆದು ಕೈ ನೋಯುವ ಕಾಲ!

ಜೂನ್ 24ರ ಎರಡು ಹಾರಿಹೋಗಿ ಬರೀ 4 ಉಳಿಯಿತು. 25 ಹೋಗಿ 5 ಆಯಿತು. ಡೈರಿ ತಿರುವುತ್ತಿದ್ದ ನಮ್ಮನೆಯವಳು, "ಜೂನ್ ನಾಲ್ಕನೇ ತಾರೀಕು ಎರಡು ಸಲ ಬಂದಿದೆಯಲ್ರೀ. ಒಂದ್ಸಲ ಬಿಸಿಲು, ಒಂದ್ಸಲ ಮೂರಿಂಚು ಮಳೆ" ಅಂದಳು. ಪೆನ್ನು ತೆಗೆದು ಎರಡನ್ನು ಸೇರಿಸೋಣ ಅಂದರೆ, ಬರೆಯಲು ಅಂಚೇ ಇರಲಿಲ್ಲ.