ಕೊನೆಯ 220 ಯೆನ್

ಟೋಕಿಯೋದಿಂದ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಡುವ ಕನ್ನಡಿಗರಿಗೆ ನಾನು ಹೇಳುವುದು ಒಂದೇ. ಮೊದಲೇ ದುಡ್ಡು ತುಂಬಿ ರೈಲಿಗೂ ಅಂಗಡಿಗೂ ಬಳಸುವ ಸುಯಿಕಾ ಕಾರ್ಡ್ ವಾಪಸ್ ಕೊಡುವ ಮೊದಲು ಅದರಲ್ಲಿ ಉಳಿದದ್ದನ್ನು ಸೊನ್ನೆ ಮಾಡಿಕೊಳ್ಳಿ.

ಕಾರ್ಡ್ ತೆಗೆದುಕೊಳ್ಳುವಾಗ 500 ಯೆನ್ ಠೇವಣಿ ಕಟ್ಟಿರುತ್ತೇವೆ. ವಾಪಸ್ ಕೊಟ್ಟರೆ ಅದು ಪೂರ್ತಿ ಸಿಗುತ್ತದೆ. ಆದರೆ ಒಳಗೆ ಉಳಿದ ದುಡ್ಡಿನಲ್ಲಿ 220 ಯೆನ್ ಶುಲ್ಕ ಹಿಡಿದುಕೊಳ್ಳುತ್ತಾರೆ. 1,430 ಯೆನ್ ಉಳಿದಿದ್ದರೆ 1,210 ಬರುತ್ತದೆ, ಠೇವಣಿ ಸೇರಿ 1,710. ಉಳಿದದ್ದು 220ಕ್ಕಿಂತ ಕಡಿಮೆಯಿದ್ದರೆ ಅಷ್ಟೂ ಶುಲ್ಕಕ್ಕೆ ಹೋಗುತ್ತದೆ, ಠೇವಣಿಗೆ ಮಾತ್ರ ಕೈ ಹಾಕುವುದಿಲ್ಲ. ಏನೂ ಉಳಿದಿಲ್ಲ ಅಂದರೆ ಹಿಡಿಯಲು ಏನೂ ಇಲ್ಲ, 500 ಪೂರ್ತಿ ನಿಮ್ಮದು.

ಸೊನ್ನೆ ಮಾಡುವುದು ಸುಲಭ. ಕೊನ್ಬಿನಿ ಎನ್ನುವ ದಿನಬಳಕೆ ಸಾಮಾನಿನ ಅಂಗಡಿಗೆ ಹೋಗಿ 1,500 ಯೆನ್ನಿನ ಸಾಮಾನು ತೆಗೆದುಕೊಂಡು, ಕಾರ್ಡಿನಲ್ಲಿರುವಷ್ಟು ಹಾಕಿ ಉಳಿದ 70 ನಗದು ಕೊಡುತ್ತೇನೆ ಎನ್ನಿ. ಸಾಮಾನ್ಯವಾಗಿ ಒಪ್ಪುತ್ತಾರೆ. ನಮ್ಮ ಮನೆಗೆ ಅನ್ನದುಂಡೆ, ಚಾಕಲೇಟು ಜಾಸ್ತಿ ಬರುವುದೇ ಯಾರಾದರೂ ಟೋಕಿಯೋ ಬಿಡುವ ವಾರದಲ್ಲಿ!

ಆದರೆ ಒಂದು ಎಚ್ಚರ ಬೇಕು. ಸುಯಿಕಾ ಹಿಡಿದು ಒಸಾಕಾದಲ್ಲೂ ಓಡಾಡಬಹುದು, ಅಲ್ಲೇ ದುಡ್ಡೂ ತುಂಬಬಹುದು. ವಾಪಸ್ ಕೊಡುವುದು ಮಾತ್ರ ಅದನ್ನು ಕೊಟ್ಟ ಪೂರ್ವ ಜಪಾನಿನ ರೈಲ್ವೆಯ ಕೌಂಟರಿನಲ್ಲೇ. ಒಸಾಕಾದ ಕಾನ್ಸಾಯ್ ವಿಮಾನ ನಿಲ್ದಾಣದಿಂದ ಊರಿಗೆ ಹಾರುವವರು ಇದನ್ನು ಟೋಕಿಯೋದಲ್ಲೇ ಮುಗಿಸಬೇಕು. ಮರೆತರೆ ಕಾರ್ಡ್ ಎತ್ತಿಡಿ, ಬಳಸದೆ 10 ವರ್ಷ ಕಳೆಯುವವರೆಗೆ ನಡೆಯುತ್ತದೆ. ಕಳೆದುಹೋದರೆ ಏನು ಗತಿ? ಹೆಸರು ಬರೆಸಿದ ಕಾರ್ಡಾದರೆ ತಡೆಹಿಡಿಸಿ, ಉಳಿದ ದುಡ್ಡಿನ ಸಮೇತ ಹೊಸದು ಪಡೆಯಬಹುದು. ಹೆಸರಿಲ್ಲದ್ದಾದರೆ ಹೋಯಿತು.

ಇನ್ನು ಬೆಂಗಳೂರು. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋ ದರ ಏರಿದಾಗ ಸ್ಮಾರ್ಟ್ ಕಾರ್ಡಿನಲ್ಲಿ ಕನಿಷ್ಠ 90 ರೂಪಾಯಿ ಇರಬೇಕು ಅಂದರು. ಅತಿ ದೂರದ ಪ್ರಯಾಣದ ದರವೂ ಆಗ 90 ರೂಪಾಯಿಯೇ. ಒಳಗೆ ಹೋದವನು ಹೊರಗೆ ಬರುವಾಗ ದುಡ್ಡು ಸಾಲದೆ ಸಿಕ್ಕಿಕೊಳ್ಳಬಾರದು ಅನ್ನುವ ಲೆಕ್ಕ ಇದು ಅನ್ನಿಸುತ್ತದೆ. ಆದರೆ ನಾನು ಎರಡು ಸ್ಟೇಷನ್ ಆಚೆ ಅತ್ತೆಯ ಮನೆಗೆ ಹೋಗುವವನು. ನನಗೇಕೆ ಅದು?

ಟೋಕಿಯೋದಲ್ಲಿ ಒಳಹೋಗಲು ಅತಿ ಕಡಿಮೆ ದರದಷ್ಟಿದ್ದರೆ ಸಾಕು. ಇಳಿಯುವಾಗ ಕಡಿಮೆ ಬಿದ್ದರೆ ಗೇಟಿನ ಒಳಬದಿಯಲ್ಲೇ ಒಂದು ಯಂತ್ರ ನಿಂತಿರುತ್ತದೆ. ಕಾರ್ಡ್ ತೂರಿಸಿ, ಕಡಿಮೆ ಬಿದ್ದದ್ದನ್ನು ತುಂಬಿ ಹೊರಗೆ ಬರಬಹುದು. ಆ ಯಂತ್ರ ಇರುವುದರಿಂದಲೇ ಕೊನೆಯ ಯೆನ್ನಿನವರೆಗೂ ಬಳಸಲು ಆಗುತ್ತದೆ. ಬೆಂಗಳೂರಿನ ಗೇಟುಗಳ ಒಳಗೂ ಅಂಥದ್ದೊಂದು ಇಟ್ಟರೆ ಕಾರ್ಡಿಗೆ 90 ರೂಪಾಯಿ ಕಟ್ಟಿಹಾಕಬೇಕಾಗಿಲ್ಲ. ವರ್ಷಕ್ಕೊಮ್ಮೆ ಬರುವ ನನ್ನಂಥವನ ದುಡ್ಡು ಉಳಿದ ಹನ್ನೊಂದು ತಿಂಗಳು ಸುಮ್ನೆ ಟ್ರಂಕಿನಲ್ಲಿ ಮಲಗಿರುತ್ತದೆ, ಅಲ್ವಾ?