ಸೂರ್ಯ ಪೂರ್ವದಲ್ಲಿ ಮುಳುಗಿದರೆ ಚದರಡಿಗೆ ಎಷ್ಟು?

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಮಾರಲು ಮೊದಲು ಬೇಕಾಗುವುದು ಕಟ್ಟಡವಲ್ಲ. ನೀರಂತೂ ಅಲ್ಲವೇ ಅಲ್ಲ. ಬೇಕಾಗುವುದು ಹೊಂಬಿಸಿಲು. ಬಿಲ್ಡರುಗಳ ಭಾಷೆಯಲ್ಲಿ ಇದಕ್ಕೆ ‘ಗೋಲ್ಡನ್ ಅವರ್’ ಎಂದು ಹೆಸರು. ನೀವು ಇದುವರೆಗೆ ನೋಡಿದ ಬ್ರೋಶರ್‌ಗಳನ್ನೆಲ್ಲ ನೆನಪಿಸಿಕೊಳ್ಳಿ. ಒಂದರಲ್ಲಾದರೂ ಮಧ್ಯಾಹ್ನ ಹನ್ನೆರಡಾಗಿತ್ತೇ? ಮೋಡ ಕವಿದಿತ್ತೇ? ಈ ಊರಿನ ಕಟ್ಟಡಗಳೆಲ್ಲ ಸಂಜೆ ಆರಕ್ಕೆ ಹುಟ್ಟಿ ಆರೂಕಾಲಿಗೆ ಬುಕ್ ಆಗಿಬಿಡುತ್ತವೆ.

ನಾನು ಇಂಥ ಬ್ರೋಶರ್‌ಗಳಿಗೆ ಕನ್ನಡದ ಸಾಲು ಬರೆದು ಹೊಟ್ಟೆ ಹೊರೆಯುವವನು. ‘ನೆಮ್ಮದಿಯ ನೆಲೆ’, ‘ಹಸಿರಿನ ಮಡಿಲು’ ಇತ್ಯಾದಿ ಪಾಪಗಳಲ್ಲಿ ನನ್ನ ಪಾಲೂ ಇದೆ. ಮೊದಲೆಲ್ಲ ನಮ್ಮ ಆಫೀಸಿನಲ್ಲಿ ಕಟ್ಟಡದ ಚಿತ್ರ ಮಾಡಲು ಇಬ್ಬರು ಒಂದು ವಾರ ಕಂಪ್ಯೂಟರ್ ಮುಂದೆ ಕಣ್ಣು ಕೆಂಪು ಮಾಡಿಕೊಂಡು ಕೂರುತ್ತಿದ್ದರು. ಈಗ ಆ ಜಾಗದಲ್ಲಿ ಒಬ್ಬ ಹುಡುಗನಿದ್ದಾನೆ. ಅವನು ಚಿತ್ರ ಬರೆಯುವುದಿಲ್ಲ. ಎಂಥ ಚಿತ್ರ ಬೇಕೆಂದು ಯಂತ್ರಕ್ಕೆ ಅರ್ಜಿ ಬರೆಯುತ್ತಾನೆ. ಆ ಅರ್ಜಿಗೆ ಪ್ರಾಂಪ್ಟ್ ಎನ್ನುತ್ತಾರೆ.

ಕಳೆದ ಸಲ ಬಂದದ್ದು ಸರ್ಜಾಪುರ ರಸ್ತೆಯಿಂದ ಒಳಗೆ, ಇನ್ನೂ ಒಳಗೆ, ಗೂಗಲ್ ಮ್ಯಾಪ್ ಕೂಡ ಕೈಚೆಲ್ಲುವ ಕಡೆಯ ಒಂದು ಕಟ್ಟಡ. ಒಟ್ಟು ಹದಿನಾಲ್ಕು ಅಂತಸ್ತು. ಪೂರ್ವಾಭಿಮುಖ, ನೂರಕ್ಕೆ ನೂರು ವಾಸ್ತು. ಹುಡುಗ ಬಿಲ್ಡರ್ ಯಜಮಾನರ ಬೇಡಿಕೆಗಳನ್ನೆಲ್ಲ ಸೇರಿಸಿ ಮಿಡ್‌ಜರ್ನಿ ಎಂಬ ಯಂತ್ರಕ್ಕೆ ಹೀಗೆ ಬರೆದ:

```
photorealistic exterior, luxury 14-storey apartment
building, golden hour, sunset glow on front facade,
warm lights in every window, lush landscaping,
infinity pool, happy residents, no electric poles,
no wires --ar 3:2
```

ಒಂದು ನಿಮಿಷದಲ್ಲಿ ನಾಲ್ಕು ಚಿತ್ರ ಬಂದವು. ನಾಲ್ಕರಲ್ಲೂ ವಿದ್ಯುತ್ ಕಂಬಗಳಿದ್ದವು.

ಇದು ಯಂತ್ರದ ಕುಚೋದ್ಯವಲ್ಲ. ವಾಕ್ಯದೊಳಗೆ ‘ಕಂಬ ಬೇಡ’ ಎಂದು ಬರೆದರೆ ಅದು ‘ಕಂಬ’ವನ್ನು ಹಿಡಿದುಕೊಂಡು ‘ಬೇಡ’ವನ್ನು ಹೆಚ್ಚುಕಡಿಮೆ ಬಿಟ್ಟುಬಿಡುತ್ತದೆ. ಚಿತ್ರಗಳಿಗೆ ಜನ ಬರೆದ ವಿವರಣೆಗಳಿಂದ ಕಲಿತ ಯಂತ್ರ ತಾನೇ? ಚಿತ್ರದಲ್ಲಿ ಏನಿಲ್ಲ ಎಂದು ಯಾರೂ ವಿವರಣೆ ಬರೆಯುವುದಿಲ್ಲ. ಬೇಡವಾದದ್ದನ್ನು ಕೊನೆಯಲ್ಲಿ `--no poles, wires` ಎಂದು ಬೇರೆಯಾಗಿ ಹಾಕಬೇಕು. ಹುಡುಗನಿಗೆ ಅದು ಗೊತ್ತಿತ್ತು, ಅವಸರದಲ್ಲಿ ಮರೆತಿದ್ದ. ನಾನು ಆ ನಾಲ್ಕು ಚಿತ್ರಗಳನ್ನು ಬಹಳ ಹೊತ್ತು ನೋಡಿದೆ. ಗೇಟಿನ ಪಕ್ಕದಲ್ಲೇ ಕಂಬ, ಕಂಬದಿಂದ ಮರಕ್ಕೆ ಜೋತುಬಿದ್ದ ಕೇಬಲ್ಲು. ಸೈಟಿಗೆ ಹೋಗಿ ಬಂದವನಾಗಿ ಹೇಳುತ್ತೇನೆ, ಇಡೀ ಕೆಲಸದಲ್ಲಿ ನಾವು ತಯಾರಿಸಿದ ಸತ್ಯವಾದ ಚಿತ್ರ ಅದೊಂದೇ. ಮೊದಲು ಡಿಲೀಟ್ ಆದದ್ದೂ ಅದೇ.

ಎರಡನೇ ಸುತ್ತಿನಲ್ಲಿ ಕಂಬ ಹೋಯಿತು, ತಾಳೆ ಜಾತಿಯ ಮರಗಳು ಬಂದವು. ‘ಲಕ್ಷುರಿ’, ‘ಲಷ್’ ಎಂದರೆ ಯಂತ್ರದ ಮನಸ್ಸು ಸೀದಾ ದುಬೈಗೋ ಸಿಂಗಪುರಕ್ಕೋ ಹೋಗುತ್ತದೆ, ಹೊಂಗೆ ಮರದ ಹತ್ತಿರ ಸುಳಿಯುವುದೂ ಇಲ್ಲ. ಅಂತಸ್ತು ಎಣಿಸಿದರೆ ಒಂದರಲ್ಲಿ ಹನ್ನೊಂದು, ಇನ್ನೊಂದರಲ್ಲಿ ಹದಿನೇಳು. ಯಂತ್ರಕ್ಕೆ ಹದಿನಾಲ್ಕು ಎಂದರೆ ‘ಸುಮಾರು ಎತ್ತರ’ ಎಂದಷ್ಟೇ ಅರ್ಥ. ಯಜಮಾನರು ಹದಿನೇಳರದ್ದನ್ನು ಮೆಚ್ಚಿಕೊಂಡರು. “ಇರ್ಲಿ ಬಿಡಪ್ಪ, ಮುಂದೆ ಪರ್ಮಿಶನ್ ಸಿಕ್ರೂ ಸಿಗಬಹುದು” ಎಂದರು.

ಆರ್ಕಿಟೆಕ್ಟ್ ಮೇಡಂ ಒಪ್ಪಲಿಲ್ಲ. ಮಂಜೂರಾದ ನಕ್ಷೆಯ ಮಾಡೆಲ್ ಕಳಿಸಿ, ಇದರ ಮೇಲೇ ಚಿತ್ರ ಬರಬೇಕು ಎಂದು ಹಟ ಹಿಡಿದರು. ಅದಕ್ಕೂ ದಾರಿ ಇದೆ, ಆದರೆ ಮಿಡ್‌ಜರ್ನಿಯಲ್ಲಲ್ಲ, ಸ್ಟೇಬಲ್ ಡಿಫ್ಯೂಷನ್ ಎಂಬ ಇನ್ನೊಂದು ಯಂತ್ರದಲ್ಲಿ. ಮಾಡೆಲ್‌ನಿಂದ ಬಣ್ಣವಿಲ್ಲದ ಒಂದು ಚಿತ್ರ ತೆಗೆದು, ಗೆರೆಗಳನ್ನು ಕಂಟ್ರೋಲ್‌ನೆಟ್ ಎಂಬುದಕ್ಕೆ ಕೊಟ್ಟರೆ ಯಂತ್ರ ಆ ಗೆರೆಗಳನ್ನು ಹಿಡಿದುಕೊಂಡೇ ಬಣ್ಣ, ಬೆಳಕು ತುಂಬುತ್ತದೆ. ಜೊತೆಗೆ ಡಿನಾಯ್ಸ್ ಎಂಬ ಒಂದು ತಿರುಗಣೆ ಇದೆ, ಸೊನ್ನೆಯಿಂದ ಒಂದರವರೆಗೆ. 0.35ರ ಆಸುಪಾಸಿನಲ್ಲಿಟ್ಟರೆ ಕಟ್ಟಡ ಕಟ್ಟಡವಾಗಿಯೇ ಉಳಿದು ಮೇಲ್ಮೈ ಮಾತ್ರ ಚಂದವಾಗುತ್ತದೆ. 0.75ಕ್ಕೆ ತಿರುಗಿಸಿದರೆ ಯಂತ್ರಕ್ಕೆ ಕೈಬಿಟ್ಟ ಹಾಗೆ. ಬಾಲ್ಕನಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕಿಟಕಿಗಳು ಗೋಡೆಯಷ್ಟಗಲವಾಗುತ್ತವೆ, ಡಕ್ಟ್ ಇದ್ದ ಕಡೆ ಬಳ್ಳಿ ಹಬ್ಬುತ್ತದೆ. ಯಜಮಾನರು ಎರಡನ್ನೂ ನೋಡಿದರು. 0.35ರ ಚಿತ್ರವನ್ನು ತೋರಿಸಿ, “ಇದು ನಮ್ಮ ಬಿಲ್ಡಿಂಗ್ ಥರಾನೇ ಇದೆಯಲ್ಲೋ, ಯಾರು ತಗೋತಾರೆ?” ಎಂದರು.

ಆದರೆ ನಿಜವಾದ ಜಗಳ ನಡೆದದ್ದು ಸೂರ್ಯನ ವಿಷಯಕ್ಕೆ.

ಹುಡುಗ ಪಾಪ ಪ್ರಾಮಾಣಿಕ. ಮೇಡಂ ಕಳಿಸಿದ ಸ್ಕೆಚ್‌ಅಪ್ ಮಾಡೆಲ್‌ಗೆ ಬೆಂಗಳೂರಿನ ಜಾಗ, ಉತ್ತರ ದಿಕ್ಕು, ಸಂಜೆ ಆರು ಗಂಟೆ ಎಲ್ಲ ಕೊಟ್ಟು ನೆರಳು ಬೀಳಿಸಿ ನೋಡಿದ. ಕಟ್ಟಡದ ಮುಖ ಪೂರ್ತಿ ಕಪ್ಪಗೆ ಕೂತಿತ್ತು. ಸಹಜ ತಾನೆ, ಮುಖ ಪೂರ್ವಕ್ಕೆ, ಸೂರ್ಯ ಬೆನ್ನ ಹಿಂದೆ. ಎದುರಿನಿಂದ ಫೋಟೊ ತೆಗೆದರೆ ಬೆಳಗುವ ಆಕಾಶದ ಮುಂದೆ ಒಂದು ದೊಡ್ಡ ಕರಿ ಪೆಟ್ಟಿಗೆ.

“ಏನಿದು, ಕರೆಂಟ್ ಹೋದ ಮನೆ ಥರ? ಬಿಸಿಲು ಮುಖಕ್ಕೆ ಹೊಡೀಬೇಕು.”

“ಸರ್, ಸಂಜೆ ಸೂರ್ಯ ಹಿಂದುಗಡೆ ಇರ್ತಾನೆ.”

“ಹಿಂದೆ ಇದ್ರೆ ಮುಂದೆ ತಂದಿಡು. ನಿಂಗೆ ಸಂಬಳ ಯಾಕೆ ಕೊಡ್ತಿರೋದು?”

ಬೆಳಗಿನ ಆರೂವರೆಯ ಬಿಸಿಲು ಹಾಕಿದರೆ ಮುಖಕ್ಕೇ ಬೀಳುತ್ತದೆ, ಬಣ್ಣವೂ ಹೊನ್ನೇ, ಸುಳ್ಳೂ ಅಲ್ಲ ಎಂದು ಹುಡುಗ ಸೂಚಿಸಿದ. ಯಜಮಾನರಿಗೆ ಹಿಡಿಸಲಿಲ್ಲ. ಬೆಳಗ್ಗೆ ಎಂದರೆ ಜನಕ್ಕೆ ಹಾಲಿನ ಪ್ಯಾಕೆಟ್ಟು, ಸ್ಕೂಲ್ ಬಸ್ಸು ನೆನಪಾಗುತ್ತದಂತೆ. ಇಎಂಐ ಕಟ್ಟುವ ಹುಮ್ಮಸ್ಸು ಬರುವುದು ಸಂಜೆಯಂತೆ. ಅಲ್ಲಿಗೆ ಮಾಡೆಲ್ ಮೂಲೆಗೆ ಹೋಯಿತು, ಬರೀ ಪ್ರಾಂಪ್ಟ್ ವಾಪಸು ಬಂತು. ಪ್ರಾಂಪ್ಟಿಗೆ ದಿಕ್ಕಿನ ಕಾಟವಿಲ್ಲ. ‘ಪೂರ್ವಾಭಿಮುಖ’ ಎಂದು ನೂರು ಸಲ ಬರೆದರೂ ಯಂತ್ರಕ್ಕೆ ಚಿತ್ರದಲ್ಲಿ ಉತ್ತರ ಯಾವುದೆಂದು ಗೊತ್ತಿರುವುದಿಲ್ಲ. ಬಿಸಿಲು ಎಲ್ಲಿ ಚಂದವೋ ಅಲ್ಲಿ ಅಪ್ಪಳಿಸುತ್ತದೆ. ಹೀಗೆ ಸರ್ಜಾಪುರದ ಆಚೆ ಸೂರ್ಯ ಪೂರ್ವದಲ್ಲಿ ಮುಳುಗಿದ.

ಈ ಗೋಲ್ಡನ್ ಅವರ್ ಎಂಬುದಾದರೂ ಎಷ್ಟು ಹೊತ್ತಿನದು? ಸೂರ್ಯ ದಿಗಂತದಿಂದ ಆರು ಡಿಗ್ರಿ ಎತ್ತರಕ್ಕೆ ಇಳಿದಾಗ ಶುರು ಎನ್ನುತ್ತಾರೆ. ನಮ್ಮ ಬೆಂಗಳೂರು ಸಮಭಾಜಕದಿಂದ ಹದಿಮೂರು ಡಿಗ್ರಿಯಷ್ಟೇ ಮೇಲಿದೆ. ಇಲ್ಲಿ ಸೂರ್ಯ ಓರೆಯಾಗಿ ತೇಲುತ್ತಾ ಹೋಗುವುದಿಲ್ಲ, ಬಾವಿಗೆ ಬಿಟ್ಟ ಕೊಡದ ಹಾಗೆ ನೆಟ್ಟಗೆ ಇಳಿಯುತ್ತಾನೆ. ಆ ಆರು ಡಿಗ್ರಿ ಮುಗಿಯಲು ಇಪ್ಪತ್ತೈದು ನಿಮಿಷ ಸಾಕು. ಗಂಟೆ ಎಂದು ಹೆಸರಿಟ್ಟುಕೊಂಡು ಅರ್ಧ ಗಂಟೆಯೂ ಇರದದ್ದು. ಸೂಪರ್ ಬಿಲ್ಟ್‌ಅಪ್ ಏರಿಯಾ ಲೆಕ್ಕ ಬಲ್ಲವರಿಗೆ ಇದೇನೂ ಹೊಸದಲ್ಲ.

ಆ ಇಪ್ಪತ್ತೈದು ನಿಮಿಷದಲ್ಲಿ ನಮ್ಮ ಕಟ್ಟಡದ ಪ್ರತಿ ಕಿಟಕಿಯಲ್ಲೂ ದೀಪ ಹತ್ತಿರಬೇಕು. ನೇರ ಬಿಸಿಲು ಗಾಜಿಗೆ ಹೊಡೆಯುತ್ತಿರುವಾಗ ಒಳಗಿನ ದೀಪ ಹೊರಗೆ ಕಾಣುವುದೇ ಕಷ್ಟ. ಅದು ಕಾಣಲು ಸೂರ್ಯ ಮುಳುಗಿ ಆಕಾಶ ನೀಲಿಗೆ ತಿರುಗಬೇಕು. ಬ್ರೋಶರಿಗೆ ಎರಡೂ ಒಟ್ಟಿಗೆ ಬೇಕು, ಯಂತ್ರವೂ ಎರಡನ್ನೂ ಒಟ್ಟಿಗೆ ಕೊಡುತ್ತದೆ. ಅದಕ್ಕಿಂತ ದೊಡ್ಡ ಪವಾಡ ಬೇರೆ ಇದೆ. ಸಂಜೆ ಆರೂಕಾಲಿಗೆ ಎಲ್ಲರೂ ಮನೆಯಲ್ಲಿದ್ದಾರೆ! ಔಟರ್ ರಿಂಗ್ ರೋಡಿನ ಮೇಲೆ ಒಬ್ಬರೂ ಇಲ್ಲ. ಬಾಲ್ಕನಿಯಲ್ಲಿ ಒಂದು ಪಂಚೆ ಒಣಗುತ್ತಿಲ್ಲ, ಪಾರಿವಾಳದ ಬಲೆ ಇಲ್ಲ, ಎಸಿಯ ಡಬ್ಬ ಇಲ್ಲ. ಕೆಳಗೆ ಈಜುಕೊಳದ ದಡದಲ್ಲಿ ನಾಲ್ಕು ಮಂದಿ ವೈನ್ ಗ್ಲಾಸು ಹಿಡಿದು ನಗುತ್ತಿದ್ದಾರೆ. ಅವರಲ್ಲಿ ಒಬ್ಬರಿಗೆ ಆರು ಬೆರಳು.

ಚಿತ್ರದ ಕೆಳಗೆ, ಸಾಸಿವೆ ಕಾಳೂ ಗುಡ್ಡವಾಗಿ ಕಾಣುವಷ್ಟು ಸಣ್ಣ ಅಕ್ಷರದಲ್ಲಿ, ‘ಕಲಾವಿದರ ಕಲ್ಪನೆ’ ಎಂದು ಹಾಕಿದೆವು. ಯಾವ ಕಲಾವಿದರು ಎಂದು ಹುಡುಗ ಕೇಳಿದ. ನಾನು ನೀರು ಕುಡಿಯಲು ಎದ್ದು ಹೋದೆ. 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಕಲಾವಿದರ ಸುದ್ದಿಯೇ ಇಲ್ಲ. ಜಾಹೀರಾತಿನಲ್ಲೋ ಪ್ರಾಸ್ಪೆಕ್ಟಸ್‌ನಲ್ಲೋ ಇರುವ ಸುಳ್ಳು ಮಾಹಿತಿ ನಂಬಿ ಮುಂಗಡ ಕೊಟ್ಟು ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು, ಕೊಂಡವರು ಹಿಂದೆ ಸರಿಯುವುದಾದರೆ ಬಡ್ಡಿ ಸಮೇತ ಹಣ ವಾಪಸು ಮಾಡಬೇಕು ಎಂದಿದೆ. ಸೂರ್ಯ ಮಾಹಿತಿಯೋ ಅಲಂಕಾರವೋ ಎಂಬುದನ್ನು ವಕೀಲರು ಹೇಳಬೇಕು. ಬಾಲ್ಕನಿ ಮತ್ತು ಮೂರು ಹೆಚ್ಚುವರಿ ಅಂತಸ್ತುಗಳ ಬಗ್ಗೆ ವಕೀಲರು ಹೇಳಿದರು. ಹೇಳಿದ್ದು ಸ್ವಲ್ಪ ಜೋರಾಗಿಯೇ. ಅಂತಸ್ತು ಹದಿನಾಲ್ಕಕ್ಕೆ ಇಳಿಯಿತು, ಬಾಲ್ಕನಿ ನಕ್ಷೆಗೆ ಮರಳಿತು. ಸೂರ್ಯ ಮಾತ್ರ ಪೂರ್ವದಲ್ಲೇ ಉಳಿದ.

ಸೈಟ್ ನೋಡುವ ಭಾನುವಾರ ಸರ್ವೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಮಗಳು ಅಳಿಯನ ಜೊತೆ ಬಂದಿದ್ದರು. ಮಗಳು ಅಡುಗೆಮನೆ ಅಳೆಯುತ್ತಿದ್ದಳು, ಅಳಿಯ ಬಿಟ್ಟಿ ಸಮೋಸದ ಕಡೆ ಹೋಗಿದ್ದ. ಇವರು ಬ್ರೋಶರಿನ ಮೂರನೇ ಪುಟದಲ್ಲಿ ಬೆರಳಿಟ್ಟು ಉತ್ತರದ ಬಾಣದ ಗುರುತು ಹುಡುಕಿದರು. ಆಮೇಲೆ ಏಳನೇ ಪುಟದ ದೊಡ್ಡ ಚಿತ್ರಕ್ಕೆ ಬಂದರು. ಮರದ ನೆರಳು ಒಂದು ಕಡೆ, ಕೊಳದ ಛತ್ರಿಯ ನೆರಳು ಇನ್ನೊಂದು ಕಡೆ ಬಿದ್ದಿರುವುದನ್ನು ಕನ್ನಡಕ ಏರಿಸಿ ನೋಡಿದರು.

“ಸ್ವಾಮಿ, ಇಲ್ಲಿ ಎಷ್ಟು ಸೂರ್ಯ?”

ಯಜಮಾನರು ನಕ್ಕರು. ಹಿರಿಯರು ಬಿಡಲಿಲ್ಲ.

“ಎರಡಿದ್ರೂ ಇರ್ಲಿ, ಸೋಲಾರ್ ವಾಟರ್ ಹೀಟರ್‌ಗೆ ಒಳ್ಳೇದೇ. ಆದ್ರೆ ಎರಡೂ ಪೂರ್ವಕ್ಕೇ ಮುಳುಗ್ತಾ ಇವೆಯಲ್ಲ?”

“ಅಯ್ಯೋ, ಅದು ಮುಳುಗ್ತಿರೋದಲ್ಲ ಯಜಮಾನ್ರೇ. ಸೂರ್ಯೋದಯ. ಪೂರ್ವಾಭಿಮುಖ ಅಂದ್ಮೇಲೆ ಸೂರ್ಯೋದಯ ತಾನೆ?” ಹುಡುಗ ತಿಂಗಳ ಹಿಂದೆ ಹೇಳಿ ಬೈಸಿಕೊಂಡಿದ್ದ ಮಾತು ಈಗ ಯಜಮಾನರ ಬಾಯಲ್ಲಿ ಬಂತು.

ಹಿರಿಯರು ತಲೆಯಾಡಿಸಿದರು. ಪುಟವನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ತಂದರು.

“ಹಾಗಾದ್ರೆ ಇವ್ರು ಬೆಳಗ್ಗೆ ಆರೂವರೆಗೇ ಶುರು ಹಚ್ಕೊಂಡವ್ರೆ ಅನ್ನಿ.”

ಸೋಮವಾರ ಬೆಳಗ್ಗೆ ಹುಡುಗನಿಗೆ ಫೋನು ಬಂತು. ಚಿತ್ರದ ತಲೆಬರಹ ‘ಸೂರ್ಯೋದಯ’ ಎಂದಾಗಬೇಕು, ಕೈಯಲ್ಲಿರುವುದು ಕಾಫಿಯಾಗಬೇಕು. ಹುಡುಗ ನಾಲ್ಕೂ ಗ್ಲಾಸುಗಳ ಸುತ್ತ ಗೆರೆ ಎಳೆದು, ಅಷ್ಟು ಭಾಗಕ್ಕೆ ಮಾತ್ರ ಹೊಸ ಪ್ರಾಂಪ್ಟ್ ಕೊಟ್ಟ:

```
South Indian filter coffee
```

ಹಿಡಿದ ಬೆರಳುಗಳು ಕೆಡದಿರಲಿ ಎಂದು ಡಿನಾಯ್ಸನ್ನು 0.35ಕ್ಕೆ ಇಳಿಸಿದ. ಎರಡನೇ ಮುದ್ರಣ ಈಗ ನನ್ನ ಮೇಜಿನ ಮೇಲಿದೆ. ಉದ್ದ ಕಾಲಿನ ವೈನ್ ಗ್ಲಾಸು ಇದ್ದ ಹಾಗೇ ಇದೆ. ಅದರ ತುಂಬ ಫಿಲ್ಟರ್ ಕಾಫಿ, ಮೇಲೆ ನೊರೆ. ಇಡೀ ಪ್ರಾಜೆಕ್ಟಿನಲ್ಲಿ ಮೂಲದ ಆಕಾರ ಕೆಡದಂತೆ ಉಳಿಸಿಕೊಂಡ ವಸ್ತು ಅದೊಂದೇ.