ಪರ-ವಿರೋಧ: ಕುಟುಂಬಗಳ ಪ್ಯಾನೆಲ್ ದತ್ತಾಂಶಕ್ಕೆ ಫಿಕ್ಸೆಡ್ ಎಫೆಕ್ಟ್ಸ್ ಮಾದರಿಯೇ ಮೊದಲ ಆಯ್ಕೆಯಾಗಬೇಕೆ?

ಪರ: ಮನೆಯನ್ನು ಅದೇ ಮನೆಯೊಂದಿಗೆ ಹೋಲಿಸಿ

ಒಂದೇ ಕುಟುಂಬವನ್ನು ವರ್ಷ ವರ್ಷವೂ ಹುಡುಕಿಕೊಂಡು ಹೋಗಿ ಅವೇ ಪ್ರಶ್ನೆಗಳನ್ನು ಕೇಳುವುದು ಸುಲಭದ ಕೆಲಸವಲ್ಲ. ಅಷ್ಟು ಶ್ರಮಪಟ್ಟು ಕಲೆಹಾಕಿದ ದತ್ತಾಂಶವನ್ನು, ಪ್ರತಿಯೊಂದು ಸಾಲೂ ಬೇರೊಂದು ಮನೆಯದ್ದು ಎಂಬಂತೆ ಒಟ್ಟಿಗೆ ಸುರಿದು ರಿಗ್ರೆಶನ್ ಮಾಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಪ್ಯಾನೆಲ್‌ನ ಬೆಲೆಯಿರುವುದೇ ಅದೇ ಮನೆ ಮತ್ತೆ ಮತ್ತೆ ಕಾಣಿಸಿಕೊಳ್ಳುವುದರಲ್ಲಿ.

ಆದಾಯ ಹೆಚ್ಚಿದರೆ ಮಕ್ಕಳ ಓದಿನ ಮೇಲಿನ ಖರ್ಚು ಎಷ್ಟು ಹೆಚ್ಚುತ್ತದೆ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಲೆಕ್ಕ ಕಣ್ಣಿಗೆ ಕಾಣುವಂತಿರಲೆಂದು ಎರಡೇ ಮನೆ, ಮೂರೇ ವರ್ಷ ಸಾಕು. ಮೊದಲ ಮನೆಯ ಆದಾಯ ಕ್ರಮವಾಗಿ 20, 24, 28. ಓದಿನ ಖರ್ಚು 4, 5, 6. ಎರಡನೆಯ ಮನೆಯ ಆದಾಯ 58, 50, 54. ಖರ್ಚು 21, 19, 20. ಈ ಆರು ಸಾಲುಗಳನ್ನು ಒಟ್ಟುಗೂಡಿಸಿ ರೇಖೆ ಎಳೆದರೆ ಆದಾಯದ ಗುಣಾಂಕ ಸುಮಾರು 0.49 ಬರುತ್ತದೆ, ಅಂದರೆ ಆದಾಯ 100 ಹೆಚ್ಚಿದರೆ 49 ಓದಿಗೆ ಹೋಗುತ್ತದೆ ಎಂದಾಯಿತು. ಈಗ ಪ್ರತಿ ಮನೆಯ ಸಂಖ್ಯೆಗಳಿಂದ ಆ ಮನೆಯದೇ ಸರಾಸರಿಯನ್ನು ಕಳೆಯಿರಿ, ಫಿಕ್ಸೆಡ್ ಎಫೆಕ್ಟ್ಸ್ ಮಾದರಿ ಮಾಡುವುದು ಇದನ್ನೇ. ಮೊದಲ ಮನೆಯಲ್ಲಿ ಆದಾಯ −4, 0, 4 ಆಗುತ್ತದೆ, ಖರ್ಚು −1, 0, 1. ಎರಡನೆಯದರಲ್ಲಿ ಆದಾಯ 4, −4, 0, ಖರ್ಚು 1, −1, 0. ಎರಡೂ ಮನೆಗಳಲ್ಲಿ ಉತ್ತರ ಒಂದೇ: 0.25. ಒಟ್ಟುಗೂಡಿಸಿದ ಲೆಕ್ಕ ನಿಜವಾದ ಪರಿಣಾಮವನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿ ತೋರಿಸಿತ್ತು. ಎರಡನೆಯ ಮನೆಯವರು ಹೆಚ್ಚು ಗಳಿಸುತ್ತಾರೆ ನಿಜ, ಆದರೆ ಓದಿನ ಮೇಲೆ ಅವರಿಗೆ ಮೊದಲಿನಿಂದಲೂ ಒಲವು ಹೆಚ್ಚು. ಆ ಒಲವಿನ ಪಾಲನ್ನೂ ಲೆಕ್ಕ ಆದಾಯದ ಖಾತೆಗೇ ಹಾಕಿಬಿಟ್ಟಿತ್ತು.

ಈ ಒಲವನ್ನು ಯಾವ ಪ್ರಶ್ನಾವಳಿಯೂ ಅಳೆಯಲಾರದು. 1961ರಲ್ಲಿ ಅರ್ಥಶಾಸ್ತ್ರಜ್ಞ ಯೈರ್ ಮುಂಡ್ಲಾಕ್ ಕೃಷಿ ಉತ್ಪಾದನೆಯ ವಿಷಯದಲ್ಲಿ ಎದುರಿಸಿದ್ದು ಇದೇ ತೊಡಕನ್ನು: ರೈತನ ಜಾಣ್ಮೆ ಕಾಣುವುದಿಲ್ಲ, ಆದರೆ ಅವನು ಎಷ್ಟು ಗೊಬ್ಬರ, ಎಷ್ಟು ದುಡಿಮೆ ಹಾಕುತ್ತಾನೆ ಎಂಬುದನ್ನೂ ಅದೇ ನಿರ್ಧರಿಸುತ್ತದೆ, ಇಳುವರಿಯನ್ನೂ ಅದೇ ನಿರ್ಧರಿಸುತ್ತದೆ. ಕಾಣದ್ದು ವರ್ಷದಿಂದ ವರ್ಷಕ್ಕೆ ಬದಲಾಗದಿದ್ದರೆ ಅದನ್ನು ಅಳೆಯಬೇಕಾಗಿಯೇ ಇಲ್ಲ, ಕಳೆದರೆ ಸಾಕು. ರ‍್ಯಾಂಡಮ್ ಎಫೆಕ್ಟ್ಸ್ ಮಾದರಿಯಾದರೋ ಮನೆಯ ಈ ಸ್ಥಿರ ಗುಣಕ್ಕೂ ಆದಾಯಕ್ಕೂ ಸಂಬಂಧವೇ ಇಲ್ಲವೆಂದು ಮೊದಲೇ ನಂಬಿಕೊಳ್ಳುತ್ತದೆ. ಒಂದು ಮನೆಯನ್ನಾದರೂ ಹತ್ತಿರದಿಂದ ಕಂಡವರು ಅದನ್ನು ಒಪ್ಪುತ್ತಾರೆಂದು ನನಗೆ ಅನ್ನಿಸುವುದಿಲ್ಲ.

ಸ್ಟಾಟಾ ತಂತ್ರಾಂಶದಲ್ಲಿ ಇದಕ್ಕೆ ಎರಡೇ ಸಾಲು:

```
xtset hhid year
xtreg educ income i.year, fe vce(cluster hhid)
```

`i.year` ಎಲ್ಲ ಮನೆಗಳಿಗೂ ಒಟ್ಟಾಗಿ ತಟ್ಟುವ ಬೆಲೆಯೇರಿಕೆಯಂಥದ್ದನ್ನು ಕಳೆಯುತ್ತದೆ. ಕೊನೆಯ ಭಾಗವನ್ನು ದಯವಿಟ್ಟು ಬಿಡಬೇಡಿ: ಒಂದೇ ಮನೆಯ ಸಾಲುಗಳು ಪರಸ್ಪರ ಸ್ವತಂತ್ರವಲ್ಲ, ಅದನ್ನು ಮರೆತರೆ ಸ್ಟ್ಯಾಂಡರ್ಡ್ ಎರರ್ ಸಾಮಾನ್ಯವಾಗಿ ಇರಬೇಕಾದುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಜನ ಆದಾಯವನ್ನು ಸರಿಯಾಗಿ ಹೇಳುವುದಿಲ್ಲ, ಆದ್ದರಿಂದ ಈ ವಿಧಾನ ಬೇಡ ಎನ್ನುವವರಿದ್ದಾರೆ. ಜನರ ಮಾತನ್ನು ನಂಬಲೇಬಾರದು ಎನ್ನುವುದಾದರೆ ಸಮೀಕ್ಷೆಗಳನ್ನೇ ನಿಲ್ಲಿಸಬೇಕಾಗುತ್ತದೆ. ಅಲ್ಲದೆ, ಪ್ರತಿ ವರ್ಷವೂ ಆದಾಯವನ್ನು 5 ಕಡಿಮೆ ಹೇಳುವ ಮನೆಯಿದ್ದರೆ ಆ 5 ಸರಾಸರಿಯೊಡನೆ ತಾನೇ ಕಳೆದುಹೋಗುತ್ತದೆ. ಇದಕ್ಕಿಂತ ಹೆಚ್ಚಿನ ರಕ್ಷಣೆಯನ್ನು ಬೇರೆ ಯಾವ ಸರಳ ಮಾದರಿ ಕೊಡುತ್ತದೆ?

ವಿರೋಧ: ಕಳೆದ ಮೇಲೆ ಉಳಿಯುವುದೇನು?

ವಿರೋಧದ ಪಕ್ಷವನ್ನು ಬರೆದುಕೊಡಿ ಎಂದು ನನ್ನನ್ನು ಕೇಳಿದ್ದಾರೆ. ನನ್ನ ಕೆಲಸದಲ್ಲಿ ನಾನೂ ಈ ಮಾದರಿಯನ್ನು ಬಳಸುತ್ತೇನೆ, ಆದ್ದರಿಂದ ಇದನ್ನು ಕೈಬಿಡಿ ಎನ್ನಲಾರೆ. `fe` ಎಂಬ ಎರಡಕ್ಷರ ಸೇರಿಸಿದರೆ ದತ್ತಾಂಶದ ದೋಷವೆಲ್ಲ ತೊಳೆದುಹೋಗುತ್ತದೆ ಎಂಬ ನಂಬಿಕೆಯನ್ನು ಮಾತ್ರ ಒಪ್ಪಲಾರೆ. ಮನೆಯೊಂದರ ಆದಾಯ ಕುಸಿಯುವುದು ಅನೇಕ ಸಲ ಕಾಯಿಲೆಯ ವರ್ಷದಲ್ಲಿ, ಮತ್ತು ಮಗು ಶಾಲೆ ಬಿಡುವುದೂ ಅದೇ ಕಾಯಿಲೆಯಿಂದ. ವರ್ಷದಿಂದ ವರ್ಷಕ್ಕೆ ಬದಲಾಗುವ ಇಂಥ ಕಾರಣವನ್ನು ಸರಾಸರಿ ಕಳೆಯುವುದರಿಂದ ತೆಗೆಯಲಾಗದು. ಇದು ಎಲ್ಲರಿಗೂ ಗೊತ್ತಿರುವ ಮಾತು. ನಾನು ಹೇಳಬೇಕೆಂದಿರುವುದು ಬೇರೆ.

ಕೆಲವು ವರ್ಷಗಳ ಹಿಂದೆ ನಾಲ್ಕು ಸುತ್ತಿನ ಕುಟುಂಬ ಸಮೀಕ್ಷೆಯೊಂದರ ಕಡತವನ್ನು ಶುದ್ಧಗೊಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಹಾರದ ಖರ್ಚಿನ ಮೇಲೆ ಆದಾಯದ ಪರಿಣಾಮವನ್ನು ನೋಡುವಾಗ, ತಾಯಿ ಎಷ್ಟು ವರ್ಷ ಓದಿದ್ದಾಳೆ ಎಂಬುದನ್ನೂ ಮಾದರಿಗೆ ಸೇರಿಸಿದ್ದೆ. ವಯಸ್ಕಳ ಶಾಲಾ ಶಿಕ್ಷಣ ಬದಲಾಗುವುದಿಲ್ಲವಾದ್ದರಿಂದ ತಂತ್ರಾಂಶ ಅದನ್ನು `omitted` ಎಂದು ಕೈಬಿಡುತ್ತದೆಂದು ನಿರೀಕ್ಷಿಸಿದ್ದೆ. ಕೈಬಿಡಲಿಲ್ಲ, ಋಣ ಚಿಹ್ನೆಯ ಗುಣಾಂಕವೊಂದು, ಅದರ ಪಕ್ಕದಲ್ಲಿ ನೆಚ್ಚಬಹುದಾದಂಥ ಸ್ಟ್ಯಾಂಡರ್ಡ್ ಎರರ್ ಅಚ್ಚಾಗಿ ಬಂತು. ಸಾಲುಗಳನ್ನು ತೆರೆದು ನೋಡಿದೆ. ಒಂದು ಮನೆಯಲ್ಲಿ 7, 7, 9, 7. ಇನ್ನೊಂದರಲ್ಲಿ 5, 0, 5, 5. ಉತ್ತರ ಸಿಗದ ಜಾಗದಲ್ಲಿ ಯಾರೋ ಸೊನ್ನೆ ತುಂಬಿದ್ದರು. ಮತ್ತೊಂದರಲ್ಲಿ 4, 4, 10, 10. ಅತ್ತೆ ತೀರಿಕೊಂಡ ಮೇಲೆ ಸೊಸೆಯ ಓದು ಅದೇ ಅಂಕಣಕ್ಕೆ ಬಂದು ಕೂತಿತ್ತು. ಮನೆ ಮನೆಗಳ ನಡುವೆ ಹೋಲಿಸುವಾಗ ಈ ತಪ್ಪುಗಳು ಸಣ್ಣ ಪಾಲು. ಸರಾಸರಿಯನ್ನು ಕಳೆದೊಡನೆ ನಿಜವಾದ ಓದೆಲ್ಲ ಕಳೆದುಹೋಗಿ, ಉಳಿದದ್ದು ತಪ್ಪುಗಳು ಮಾತ್ರ. ಆ ಗುಣಾಂಕ ನಿಂತಿದ್ದೇ ಅವುಗಳ ಮೇಲೆ.

ಆದಾಯದ ವಿಷಯದಲ್ಲೂ ಆಗುವುದು ಇದೇ, ಅಲ್ಲಿ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಯಾವುದೇ ಒಂದು ವರ್ಷ ಮನೆಗಳ ನಡುವೆ ಕಾಣುವ ಆದಾಯದ ಏರಿಳಿತ 100 ಪಾಲು ಎಂದುಕೊಳ್ಳಿ. ಅದರಲ್ಲಿ 80 ನಿಜ, 20 ನೆನಪಿನ ತಪ್ಪು. ಈ ತಪ್ಪಷ್ಟರಿಂದಲೇ ಗುಣಾಂಕ ನಿಜಬೆಲೆಯ ಶೇ. 80ಕ್ಕೆ ಇಳಿಯುತ್ತದೆ. ನಿಜವಾದ ಆದಾಯ ಅಷ್ಟು ಬೇಗ ಬದಲಾಗುವಂಥದ್ದಲ್ಲ, ಒಂದು ವರ್ಷಕ್ಕೂ ಮುಂದಿನ ವರ್ಷಕ್ಕೂ ಸಹಸಂಬಂಧ 0.8 ಎಂದಿಟ್ಟುಕೊಳ್ಳಿ, ನೆನಪಿನ ತಪ್ಪು ಮಾತ್ರ ಪ್ರತಿ ವರ್ಷ ಹೊಸದು. ಈ ವರ್ಷದಿಂದ ಹಿಂದಿನ ವರ್ಷವನ್ನು ಕಳೆದರೆ ನಿಜದ ಪಾಲು 32ಕ್ಕೆ ಇಳಿಯುತ್ತದೆ, ತಪ್ಪಿನ ಪಾಲು 40ಕ್ಕೆ ಏರುತ್ತದೆ. ಈಗ ಗುಣಾಂಕ ನಿಜಬೆಲೆಯ ಶೇ. 44ಕ್ಕೆ ಕುಗ್ಗುತ್ತದೆ. ಒಟ್ಟುಗೂಡಿಸಿದಾಗ 0.49 ಇದ್ದದ್ದು ಕಳೆದಾಗ 0.25 ಆಯಿತೆಂದರೆ, ಅದು ಕಾಣದ ಒಲವು ತೊಲಗಿದ್ದರಿಂದಲೋ ಇಂಥ ಕುಗ್ಗುವಿಕೆಯಿಂದಲೋ ಎಂದು ಆ ಎರಡು ಸಂಖ್ಯೆಗಳನ್ನಷ್ಟೇ ನೋಡಿ ಹೇಳಲಾಗದು.

ಗುರುತು ಹಿಡಿಯುವ ದಾರಿಯೊಂದಿದೆ, 1986ರಲ್ಲಿ ಅರ್ಥಶಾಸ್ತ್ರಜ್ಞರಾದ ಗ್ರಿಲಿಕಸ್ ಮತ್ತು ಹೌಸ್‌ಮನ್ ತೋರಿಸಿಕೊಟ್ಟದ್ದು. ಪಕ್ಕಪಕ್ಕದ ವರ್ಷಗಳ ವ್ಯತ್ಯಾಸದಿಂದ ಒಮ್ಮೆ, ಮೊದಲ ಮತ್ತು ಕೊನೆಯ ಸುತ್ತಿನ ವ್ಯತ್ಯಾಸದಿಂದ ಇನ್ನೊಮ್ಮೆ ಗುಣಾಂಕವನ್ನು ತೆಗೆಯಬೇಕು. ದೀರ್ಘ ಅಂತರದಲ್ಲಿ ನಿಜವಾದ ಆದಾಯದ ಸಹಸಂಬಂಧ 0.4ಕ್ಕೆ ಇಳಿದಿದ್ದರೆ ನಿಜದ ಪಾಲು 96 ಆಗುತ್ತದೆ, ತಪ್ಪಿನದು 40ರಲ್ಲೇ ನಿಲ್ಲುತ್ತದೆ, ಗುಣಾಂಕ ಶೇ. 71ಕ್ಕೆ ಮರಳುತ್ತದೆ. ಅಂತರ ಹೆಚ್ಚಿದಂತೆ ಗುಣಾಂಕ ಹೀಗೆ ಏರುತ್ತಾ ಹೋದರೆ ಅಳತೆಯ ತಪ್ಪನ್ನು ಶಂಕಿಸಬೇಕು. ಇದಕ್ಕೂ ಮೊದಲು `xtsum income` ಓಡಿಸಿ, `within` ಸಾಲಿನ ಏರಿಳಿತ `between` ಸಾಲಿನದರ ಮುಂದೆ ಎಷ್ಟಿದೆ ಎಂದು ನೋಡಿ. ತೀರಾ ಚಿಕ್ಕದಿದ್ದರೆ ಮನೆಯನ್ನು ಅದೇ ಮನೆಯೊಂದಿಗೆ ಹೋಲಿಸಲು ಅಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಆ ಕಡತದಲ್ಲಿ ತಾಯಿಯ ಓದಿಗೆ ಪ್ರತಿ ಮನೆಯ ಮೊದಲ ಸುತ್ತಿನ ಉತ್ತರವನ್ನೇ ನಾಲ್ಕೂ ಸುತ್ತಿಗೆ ಇಟ್ಟು ಮತ್ತೆ ಓಡಿಸಿದೆ. ಓದಿನ ಅಂಕಣ ಮಾದರಿಯಿಂದ ಹೊರಬಿತ್ತು. ಆದಾಯದ ಅಂಕಣವನ್ನು ಹಾಗೆ ಸರಿಪಡಿಸಲು ನನ್ನ ಬಳಿ ಏನೂ ಇರಲಿಲ್ಲ, ಅದರ ಗುಣಾಂಕ ಹಾಗೆಯೇ ವರದಿಗೆ ಹೋಯಿತು.